ಹೆಸರಿನಲ್ಲಿ ನಲವತ್ತು, ಕಾನೂನಿನಲ್ಲಿ ಮೂವತ್ತು

ಕ್ವಾರಂಟೈನ್ ಅನ್ನುವ ಪದದೊಳಗೆ ಒಂದು ಸಂಖ್ಯೆ ಇದೆ. ಇಟಲಿಯವರ ಭಾಷೆಯಲ್ಲಿ ಕ್ವಾರಾಂತಾ ಅಂದರೆ ನಲವತ್ತು. ಪ್ಲೇಗ್ ಕಾಲದ ವೆನಿಸ್‌ನಲ್ಲಿ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದರು, ಆ ನಲವತ್ತೇ ಮುಂದೆ ಪದ್ಧತಿಯ ಹೆಸರಾಯಿತು. ಇಷ್ಟನ್ನು 2020ರಲ್ಲಿ ಎಲ್ಲರೂ ಓದಿದ್ದೇವೆ, ವಾಟ್ಸ್‌ಆಪ್‌ನಲ್ಲೂ ಬಂದಿತ್ತು. ಮಾತು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ನನಗೆ ಕುತೂಹಲ ಶುರುವಾಗಿದ್ದು ಅದರ ನಂತರ. ಯಾಕೆಂದರೆ ಈ ಪದ್ಧತಿಯನ್ನು ಮೊದಲು ಬರೆದಿಟ್ಟ ಕಾನೂನಿನಲ್ಲಿ ನಲವತ್ತು ಇಲ್ಲವೇ ಇಲ್ಲ. ಅಲ್ಲಿರುವುದು ಒಂದು ತಿಂಗಳು.

ಆ ಕಾನೂನು ವೆನಿಸ್‌ನದ್ದೂ ಅಲ್ಲ. ಏಡ್ರಿಯಾಟಿಕ್ ಸಮುದ್ರದ ಆಚೆ ದಡದಲ್ಲಿದ್ದ ರಗೂಸಾ ಎಂಬ ಪುಟ್ಟ ಗಣರಾಜ್ಯದ್ದು. ಈಗ ಅದು ಕ್ರೊಯೇಷಿಯಾದ ದುಬ್ರೋವ್ನಿಕ್. ಆ ಊರಿನ ಹೊಟ್ಟೆಪಾಡೇ ವ್ಯಾಪಾರ. ಒಂದು ಕಡೆ ಬಾಲ್ಕನ್ ಬೆಟ್ಟಗಳಿಂದ ಸಾಮಾನು ಹೊತ್ತ ಕುದುರೆಗಳ ಸಾಲು ಬರುತ್ತಿತ್ತು, ಇನ್ನೊಂದು ಕಡೆ ಸಮುದ್ರದಿಂದ ಹಡಗು. 1348ರ ಮಹಾಮಾರಿಯ ಏಟು ಊರಿಗೆ ಬಿದ್ದಿತ್ತು. ಮತ್ತೆ ಪ್ಲೇಗ್ ಸುದ್ದಿ ಬಂದಾಗ ಬಾಗಿಲು ಪೂರ್ತಿ ಮುಚ್ಚಿದರೆ ಊಟಕ್ಕೆ ದಾರಿ ಇಲ್ಲ, ಪೂರ್ತಿ ತೆರೆದರೆ ಜೀವಕ್ಕೆ ಗ್ಯಾರಂಟಿ ಇಲ್ಲ. ಈ ಇಕ್ಕಟ್ಟಿನಲ್ಲಿ 1377ರ ಜುಲೈ 27ರಂದು ಅಲ್ಲಿನ ಮಹಾಸಭೆ ಒಂದು ತೀರ್ಮಾನ ಮಾಡಿತು. ಅವರ ಕಾನೂನುಗಳನ್ನು ಬರೆದಿಡುತ್ತಿದ್ದ ಹಸಿರು ಪುಸ್ತಕ ಎಂಬ ಸಂಪುಟದಲ್ಲಿ ಅದು ಲ್ಯಾಟಿನ್‌ನಲ್ಲಿ ಇವತ್ತಿಗೂ ಉಳಿದಿದೆ.

ಅದರ ಸಾರ ಇಷ್ಟು. ಪ್ಲೇಗ್ ಇರುವ ಜಾಗದಿಂದ ಬಂದವರು ಊರೊಳಗೆ ಕಾಲಿಡುವಂತಿಲ್ಲ. ಮೊದಲು ಒಂದು ತಿಂಗಳು ಮರ್ಕನ್ ಎಂಬ ನಡುಗಡ್ಡೆಯಲ್ಲೋ, ಪಕ್ಕದ ತ್ಸಾವ್ತಾತ್ ಎಂಬ ಊರಿನಲ್ಲೋ ಇದ್ದು ಬರಬೇಕು. ರಗೂಸಾದವರು ಅಲ್ಲಿಗೆ ಹೋಗಿ ಅವರನ್ನು ನೋಡುವಂತಿಲ್ಲ, ಹೋದರೆ ಅವರೂ ಒಂದು ತಿಂಗಳು ಅಲ್ಲೇ ಇರಬೇಕು. ಸಭೆ ನೇಮಿಸಿದವರನ್ನು ಬಿಟ್ಟು ಬೇರೆ ಯಾರೂ ಊಟ ಒಯ್ಯುವಂತಿಲ್ಲ, ಒಯ್ದರೆ ಅದೇ ಶಿಕ್ಷೆ. ಮೀರಿದವರಿಗೆ ಅಲ್ಲಿನ ಹಣದಲ್ಲಿ 50 ಪೆರ್ಪೆರ್ ದಂಡ ಬೇರೆ.

ಓದಿದರೆ ಸರಳ ಅನ್ನಿಸುತ್ತದೆ. ಆದರೆ ಇದರಲ್ಲಿ ಹೊಸದು ಏನು ಅಂತ ನೋಡಬೇಕು. ಕಾಯಿಲೆಯವರನ್ನು ಊರಾಚೆ ಇಡುವುದು ಹಳೆಯ ವಿಷಯ, ಕುಷ್ಠರೋಗಿಗಳಿಗೆ ಅದನ್ನೇ ಮಾಡುತ್ತಿದ್ದರು. ರಗೂಸಾಕ್ಕಿಂತ ಮೂರು ವರ್ಷ ಮುಂಚೆ, 1374ರಲ್ಲಿ, ಮಿಲಾನ್‌ನ ದೊರೆ ಬೆರ್ನಾಬೊ ವಿಸ್ಕೊಂತಿ ಕೂಡ ಅಂಥದ್ದೇ ಆಜ್ಞೆ ಹೊರಡಿಸಿದ್ದ. ಪ್ಲೇಗ್ ಬಂದವರನ್ನು ಊರಿಂದ ಹೊರಗೆ ಬಯಲಿಗೆ ಸಾಗಿಸಬೇಕು, ಅವರ ಆರೈಕೆ ಮಾಡಿದವರು ಹತ್ತು ದಿನ ಯಾರ ಜೊತೆಯೂ ಬೆರೆಯಬಾರದು ಅಂತ. ರಗೂಸಾದ ಕಾನೂನು ಹಿಡಿದದ್ದು ರೋಗಿಗಳನ್ನಲ್ಲ. ನೋಡಲು ಗಟ್ಟಿಮುಟ್ಟಾಗಿರುವ, ಜ್ವರ ಇಲ್ಲದ, ಗಂಟು ಇಲ್ಲದ ವ್ಯಾಪಾರಿಯನ್ನು. ಅವನಲ್ಲಿ ಕಾಯಿಲೆ ಇದೆ ಅಂತ ಅವರು ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಗೊತ್ತಾಗುವವರೆಗೆ ಅಲ್ಲಿರು ಅಂದರು, ಅಷ್ಟೆ. ಎಷ್ಟು ದಿನದಲ್ಲಿ ಗೊತ್ತಾಗುತ್ತದೆ ಅನ್ನುವುದಕ್ಕೆ ಒಂದು ಅಂಕಿ ಬೇಕಿತ್ತು. ಒಂದು ತಿಂಗಳು ಅಂತ ಇಟ್ಟರು.

ಆಗಿನ ವೈದ್ಯರ ಲೆಕ್ಕದಲ್ಲಿ ಪ್ಲೇಗ್ ಬರುವುದು ಕೆಟ್ಟ ಗಾಳಿಯಿಂದ. ರೋಗಾಣು ಮೈ ಸೇರಿ ಇಷ್ಟು ದಿನಕ್ಕೆ ಲಕ್ಷಣ ಕಾಣಿಸುತ್ತದೆ ಅನ್ನುವ ಲೆಕ್ಕ ಅವರ ಹತ್ತಿರ ಇರಲಿಲ್ಲ. ಹಾಗಿದ್ದೂ ಆ ಕಾನೂನು ಕೆಟ್ಟ ಗಾಳಿಯ ಸಿದ್ಧಾಂತಕ್ಕಿಂತ ಮುಂದಿತ್ತು. ಗಾಳಿಯೇ ಕಾರಣವಾದರೆ ಮನುಷ್ಯನನ್ನು ಕೂರಿಸಿ ಏನು ಪ್ರಯೋಜನ? ಹಡಗಿನ ಜೊತೆಗೆ ಕಾಯಿಲೆ ಬರುತ್ತದೆ ಅನ್ನುವುದನ್ನು ಬಂದರಿನ ಜನ ಕಣ್ಣಾರೆ ನೋಡಿದ್ದರು. ವೈದ್ಯರ ಪುಸ್ತಕಕ್ಕಿಂತ ವ್ಯಾಪಾರಿಗಳ ಅನುಭವ ಇಲ್ಲಿ ಗಟ್ಟಿಯಾಗಿತ್ತು ಅಂತ ನನಗನ್ನಿಸುತ್ತದೆ.

ಮೂವತ್ತು ನಲವತ್ತಾಗಿದ್ದು ಮುಂದಿನ ಶತಮಾನದಲ್ಲಿ. ವೆನಿಸ್ 1423ರಲ್ಲಿ ತನ್ನ ಹಿನ್ನೀರಿನ ಒಂದು ದ್ವೀಪದಲ್ಲಿ ಪ್ಲೇಗ್ ಆಸ್ಪತ್ರೆ ತೆರೆಯಿತು. ಆ ದ್ವೀಪದಲ್ಲಿ ನಜರೇತಿನ ಸಂತ ಮರಿಯಾ ಹೆಸರಿನ ಚರ್ಚಿತ್ತು. ನಜರೇತ್ ಎಂಬ ಹೆಸರಿಗೆ ಲಾಜರಸ್ ಸಂತನ ಹೆಸರು ಬೆರೆತು ಇಂಥ ಜಾಗಗಳಿಗೆ ಲಜರೆಟ್ಟೊ ಎಂಬ ಹೆಸರಾಯಿತು ಅನ್ನುತ್ತಾರೆ. 1468ರಲ್ಲಿ ಇನ್ನೊಂದು ದ್ವೀಪದಲ್ಲಿ ಹೊಸ ಲಜರೆಟ್ಟೊ ಬಂತು. ಹಳೆಯದು ರೋಗಿಗಳಿಗೆ, ಹೊಸದು ಸಂಶಯ ಇರುವವರಿಗೆ ಮತ್ತು ಅವರ ಸರಕಿಗೆ. ಈ ಎರಡನ್ನೂ ಬೇರೆ ಬೇರೆ ಇಡಬೇಕು ಅನ್ನುವ ತಿಳಿವಳಿಕೆ ಆಗಲೇ ಬಂದಿತ್ತು.

ಆದರೆ ನಲವತ್ತೇ ಯಾಕೆ? ಒಂದೇ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ. ಕ್ರೈಸ್ತರಿಗೆ ಈಸ್ಟರ್ ಮುಂಚಿನ ಉಪವಾಸ ನಲವತ್ತು ದಿನ. ಅದರ ಇಟಾಲಿಯನ್ ಹೆಸರು ಕ್ವಾರೇಸಿಮಾ ಕೂಡ ಇದೇ ಬೇರಿನದು. ಏಸು ಮರುಭೂಮಿಯಲ್ಲಿದ್ದದ್ದು, ನೋಹನ ಕಾಲದ ಮಳೆ ಸುರಿದದ್ದು, ಮೋಶೆ ಬೆಟ್ಟದ ಮೇಲಿದ್ದದ್ದು ಎಲ್ಲವೂ ನಲವತ್ತು ದಿನ. ಇತ್ತ ಗ್ರೀಕ್ ವೈದ್ಯ ಪರಂಪರೆಯಲ್ಲಿ, ತಟ್ಟನೆ ಬರುವ ಕಾಯಿಲೆ ಏನೇ ಆದರೂ ನಲವತ್ತು ದಿನದೊಳಗೆ ಒಂದು ತೀರ್ಮಾನಕ್ಕೆ ಬರುತ್ತದೆ, ಅದನ್ನು ದಾಟಿದರೆ ಅದು ದೀರ್ಘಕಾಲದ ಕಾಯಿಲೆ ಅನ್ನುವ ಮಾತಿತ್ತು. ಇಂಗ್ಲೆಂಡಿನ ಕಾನೂನಿನಲ್ಲೂ ಒಂದು ನಲವತ್ತು ಇತ್ತು. ಗಂಡ ಸತ್ತ ಮೇಲೆ ಹೆಂಡತಿ ಅವನ ಮನೆಯಲ್ಲಿ ನಲವತ್ತು ದಿನ ಇರಬಹುದು ಅಂತ 1215ರ ಮ್ಯಾಗ್ನಾ ಕಾರ್ಟಾ ಹೇಳುತ್ತದೆ, ಅದಕ್ಕೂ ಕ್ವಾರಂಟೈನ್ ಅಂತಲೇ ಹೆಸರು ಬಿತ್ತು. ಅಂದರೆ ಆ ಜನರ ಬದುಕಿನಲ್ಲಿ ನಲವತ್ತು ಅನ್ನುವುದು ಒಂದು ಪೂರ್ತಿ ಅವಧಿಯ ಅಳತೆಯಾಗಿತ್ತು. ನಮ್ಮಲ್ಲಿ ಹಳ್ಳಿ ವೈದ್ಯರು ಒಂದು ಮಂಡಲ ಔಷಧಿ ತಗೊಳ್ಳಿ ಅಂದರೆ ಯಾರೂ ಯಾಕೆ ನಲವತ್ತೆಂಟು ಅಂತ ಕೇಳುವುದಿಲ್ಲ, ಅಲ್ವಾ? ಹಾಗೇ ಅದು.

ಒಪ್ಪಿತವಾದ ಅಂಕಿಗೆ ಒಂದು ಲಾಭ ಇದೆ. ನೌಕೆಯ ಕ್ಯಾಪ್ಟನ್, ಸರಕಿನ ಯಜಮಾನ, ಕಾವಲುಗಾರ ಎಲ್ಲರಿಗೂ ಅದು ಮುಂಚೆಯೇ ಗೊತ್ತು. ಚೌಕಾಸಿಗೆ ಜಾಗ ಕಡಿಮೆ. ನಷ್ಟವನ್ನು ಲೆಕ್ಕ ಹಾಕಿಕೊಂಡೇ ಹೊರಡಬಹುದು.

ಪದ ಬಲಿತಂತೆ ಅಂಕಿ ಅದರಿಂದ ಕಳಚಿಕೊಂಡಿತು. ಇದಕ್ಕೆ ಒಂದು ಚಂದದ ಸಾಕ್ಷಿ ಲಂಡನ್‌ನಲ್ಲಿದೆ. 1663ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ಲೇಗ್ ಜೋರಾಗಿತ್ತು. ಅಲ್ಲಿಂದ ಬರುವ ಹಡಗುಗಳನ್ನು ಥೇಮ್ಸ್ ನದಿಯ ಬಾಯಲ್ಲಿ ತಡೆದು ನಿಲ್ಲಿಸಲು ಆಜ್ಞೆ ಆಯಿತು. ನೌಕಾಪಡೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಡೈರಿಯಲ್ಲಿ ಇದನ್ನು ಬರೆದುಕೊಂಡಿದ್ದಾನೆ. ಆಜ್ಞೆಯಲ್ಲಿ ಮೂವತ್ತು ದಿನದ ಕ್ವಾರಂಟೈನ್ ಅಂತ ಇದೆ, ಇದು ಪದದ ಅರ್ಥಕ್ಕೇ ವಿರುದ್ಧ, ಆದರೆ ಈಗ ಜನ ಈ ಪದವನ್ನು ಆ ಕೆಲಸಕ್ಕೆ ಹೇಳುತ್ತಾರೆಯೇ ಹೊರತು ದಿನಕ್ಕಲ್ಲ ಅಂತ. ಇಂಥದ್ದು ನಾವು ಹಿಂದೆಂದೂ ಮಾಡಿದ್ದಿಲ್ಲ ಅಂತಲೂ ಸೇರಿಸುತ್ತಾನೆ. ಆಫೀಸಿನ ಕಾಗದದಲ್ಲಿ ಪದ ತಪ್ಪಿದರೆ ಹಿಡಿದು ತೋರಿಸುವ ಗುಮಾಸ್ತರು ಎಲ್ಲ ಕಾಲದಲ್ಲೂ ಇರುತ್ತಾರೆ.

ಅಂಕಿಯ ಜೊತೆಗೆ ಇನ್ನೊಂದು ಪ್ರಶ್ನೆ ಅಂಟಿಕೊಂಡೇ ಬರುತ್ತದೆ. ನಲವತ್ತು ಸರಿ, ಎಣಿಕೆ ಯಾವತ್ತಿಂದ? ಇದು ಅಂಕಿಗಿಂತ ಕಷ್ಟದ ಪ್ರಶ್ನೆ. ಲಜರೆಟ್ಟೊಗಳ ಕೆಲಸ ಹೇಗೆ ನಡೆಯುತ್ತಿತ್ತು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಪ್ರತಿ ಹಡಗು ಹೊರಟ ಬಂದರಿನಿಂದ ಒಂದು ಆರೋಗ್ಯ ಪತ್ರ ತರಬೇಕಿತ್ತು. ಹೊರಡುವಾಗ ಆ ಊರಲ್ಲಿ ಪ್ಲೇಗ್ ಇಲ್ಲದಿದ್ದರೆ ಅದು ಚೊಕ್ಕ ಪತ್ರ, ಇದ್ದರೆ ಕೊಳಕು ಪತ್ರ. ಪತ್ರ ನೋಡಿ ದಿನ ಹೇಳುತ್ತಿದ್ದರು. ಸರಕನ್ನೂ ಎರಡಾಗಿ ಭಾಗ ಮಾಡುತ್ತಿದ್ದರು. ಧಾನ್ಯ, ಲೋಹ, ಮರ ಇವು ಸೋಂಕು ಹಿಡಿದಿಟ್ಟುಕೊಳ್ಳುವುದಿಲ್ಲ. ಹತ್ತಿ, ಉಣ್ಣೆ, ರೇಷ್ಮೆ, ತುಪ್ಪಳ, ಗರಿ ಇವು ಹಿಡಿದಿಟ್ಟುಕೊಳ್ಳುತ್ತವೆ. ಎರಡನೆಯ ಗುಂಪನ್ನು ಮೂಟೆ ಬಿಚ್ಚಿ ಗಾಳಿಗೆ ಹರಡಬೇಕು, ಆಗಾಗ ತಿರುವಿ ಹಾಕಬೇಕು. ಹಮಾಲರು ತೋಳನ್ನು ಮೂಟೆಯೊಳಗೆ ಮೊಣಕೈವರೆಗೂ ತೂರಿಸಿ ಕೆದಕುತ್ತಿದ್ದರು. ಒಳಗೆ ಏನಾದರೂ ಇದ್ದರೆ ಮೊದಲು ಸಾಯುವುದು ಆ ಹಮಾಲ, ಊರಿಗೆ ಗೊತ್ತಾಗುವುದೂ ಹಾಗೆಯೇ. ಟಪಾಲಿನ ಕಾಗದಗಳನ್ನು ಸೀಳಿ ವಿನೆಗರ್‌ನಲ್ಲಿ ಅದ್ದುತ್ತಿದ್ದರು, ಇಲ್ಲವೇ ಹೊಗೆ ಹಾಕುತ್ತಿದ್ದರು. ಮಧ್ಯೆ ಯಾರಾದರೂ ಕಾಯಿಲೆ ಬಿದ್ದರೆ ಎಣಿಕೆ ಮತ್ತೆ ಒಂದರಿಂದ.

ವೆನಿಸ್‌ನ ಹೊಸ ಲಜರೆಟ್ಟೊದಲ್ಲಿ ತೆಸೋನ್ ಗ್ರಾಂದೆ ಎಂಬ ದೊಡ್ಡ ಸರಕು ಮನೆ ಇನ್ನೂ ನಿಂತಿದೆ. ಅದರ ಗೋಡೆಗಳ ಮೇಲೆ ಅಲ್ಲಿ ದುಡಿದವರು ಕೆಂಪು ಬಣ್ಣದಲ್ಲಿ ಬರೆದ ಹೆಸರು, ಗುರುತು, ಹಡಗು ಎಲ್ಲಿಂದ ಬಂತು ಅನ್ನುವ ವಿವರಗಳಿವೆ. ಇಂಗ್ಲೆಂಡಿನ ಜಾನ್ ಹೋವರ್ಡ್ ಎಂಬ ಜೈಲು ಸುಧಾರಕ ಇದೆಲ್ಲ ಹೇಗಿರುತ್ತದೆ ಅಂತ ತಿಳಿಯಲು 1780ರ ದಶಕದಲ್ಲಿ ಬೇಕಂತಲೇ ಕೊಳಕು ಪತ್ರದ ಹಡಗು ಹುಡುಕಿ, ಟರ್ಕಿಯ ಸ್ಮಿರ್ನಾದಿಂದ ವೆನಿಸ್‌ಗೆ ಬಂದ. ಕೊಟ್ಟ ಕೋಣೆಯ ನಾತಕ್ಕೆ ತಲೆ ಸಿಡಿಯಿತಂತೆ. ಗೋಡೆಗೆ ಸುಣ್ಣ ಹೊಡೆಸಿಕೊಂಡ ಮೇಲೇ ಇರಲು ಆಗಿದ್ದು.

ಈಗ ಈ ಇಡೀ ಏರ್ಪಾಡು ಎಲ್ಲಿ ಮುರಿಯುತ್ತದೆ ಅಂತ ನೋಡೋಣ. ಇದಕ್ಕೆ 1720ರ ಮಾರ್ಸೇಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫ್ರಾನ್ಸಿನ ಆ ಬಂದರಿಗೆ ಯುರೋಪಿನ ದೊಡ್ಡ ಲಜರೆಟ್ಟೊಗಳಲ್ಲಿ ಒಂದಿತ್ತು, ನಿಯಮಗಳೂ ಪಕ್ಕಾ ಇದ್ದವು. ಗ್ರಾಂ ಸೇಂಟ್ ಆಂತ್ವಾನ್ ಎಂಬ ಹಡಗು ಸಿರಿಯಾ ಕಡೆಯಿಂದ ರೇಷ್ಮೆ, ಹತ್ತಿ ತುಂಬಿಕೊಂಡು ಹೊರಟಿತು. ಕೈಯಲ್ಲಿ ಚೊಕ್ಕ ಪತ್ರ. ದಾರಿಯಲ್ಲಿ ಮೊದಲು ಒಬ್ಬ ಪ್ರಯಾಣಿಕ ಸತ್ತ, ಆಮೇಲೆ ನಾವಿಕರು ಒಬ್ಬೊಬ್ಬರಾಗಿ ಸತ್ತರು, ಹಡಗಿನ ವೈದ್ಯನೂ ಸತ್ತ. ಇಟಲಿಯ ಲಿವೊರ್ನೊ ಬಂದರು ಹಡಗನ್ನು ಒಳಗೆ ಬಿಡಲಿಲ್ಲ. ಮೇ 25ರಂದು ಅದು ಮಾರ್ಸೇ ಮುಂದೆ ಬಂದು ನಿಂತಿತು. ಕ್ಯಾಪ್ಟನ್ ಜಾನ್ ಬಾಪ್ತಿಸ್ತ್ ಶಾತೋ ಸಾವುಗಳ ವಿಷಯವನ್ನು ಮುಚ್ಚಿಡಲಿಲ್ಲ, ಹೇಳಿದ.

ಇಂಥ ಹಡಗನ್ನು ಜಾರ್ ಎಂಬ ದೂರದ ದ್ವೀಪಕ್ಕೆ ಕಳಿಸಬೇಕಿತ್ತು. ಮೇ 29ರಂದು ಆರೋಗ್ಯ ಮಂಡಳಿ ಅರ್ಧ ದಾರಿ ಹಿಡಿಯಿತು. ಬೆಲೆಬಾಳುವ ಸರಕು ಊರಂಚಿನ ಲಜರೆಟ್ಟೊಗೆ, ಹತ್ತಿ ಮಾತ್ರ ದ್ವೀಪಕ್ಕೆ ಅಂದಿತು. ಜೂನ್ 3ರಂದು ಅದನ್ನೂ ಸಡಿಲಿಸಿ ಎಲ್ಲ ಸರಕನ್ನೂ ಲಜರೆಟ್ಟೊಗೇ ಇಳಿಸಲು ಒಪ್ಪಿತು. ಯಾಕೆ ಈ ಅವಸರ? ಜುಲೈನಲ್ಲಿ ಬೊಕೇರ್ ಎಂಬ ಊರಿನ ದೊಡ್ಡ ಜಾತ್ರೆ, ಬಟ್ಟೆ ಮಾರಾಟಕ್ಕೆ ವರ್ಷದ ಸುಗ್ಗಿ. ಸರಕಿನಲ್ಲಿ ಊರಿನ ದೊಡ್ಡ ಮನುಷ್ಯರದ್ದು ಪಾಲಿತ್ತು, ಆಡಳಿತದಲ್ಲಿದ್ದವನದೂ ಸೇರಿ. ಮಂಡಳಿಯ ವೈದ್ಯ ಹೆಣಗಳನ್ನು ನೋಡಿ ಪ್ಲೇಗ್ ಗುರುತಿಲ್ಲ ಅಂತ ಬರೆಯುತ್ತಾ ಹೋದ. ಜೂನ್ 14ರಂದು ಪ್ರಯಾಣಿಕರಿಗೆ ಹೊಗೆ ಹಾಕಿ ಊರೊಳಗೆ ಬಿಟ್ಟರು. ಮೇ 25ರಿಂದ ಎಣಿಸಿ ನೋಡಿ, ಕಳೆದದ್ದು ಇಪ್ಪತ್ತೇ ದಿನ. ಜೂನ್ 20ಕ್ಕೆ ಹಳೆ ಊರಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಮೊದಲ ಸಾವು. ಅದರ ಹಿಂದೆಯೇ ಲಜರೆಟ್ಟೊದಲ್ಲಿ ಮೂಟೆ ಬಿಚ್ಚುತ್ತಿದ್ದ ಹಮಾಲರು ಸಾಯತೊಡಗಿದರು. ಸುಮಾರು 90 ಸಾವಿರ ಜನರಿದ್ದ ಊರಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಹೋದರು. ಸೆಪ್ಟೆಂಬರ್‌ನಲ್ಲಿ ಹಡಗನ್ನು ಸುಟ್ಟರು. ಜೈಲಿಗೆ ಹೋದದ್ದು ಕ್ಯಾಪ್ಟನ್.

ಈ ಕಥೆಯನ್ನು ದುರಾಸೆಯ ಕಥೆ ಅಂತ ಹೇಳಿ ಮುಗಿಸುವುದು ಸುಲಭ. ದುರಾಸೆ ಇತ್ತು, ನಿಜ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ವಿಷಯ. ಪ್ರಯಾಣಿಕರನ್ನು ಪೂರ್ತಿ ನಲವತ್ತು ದಿನ ಇಟ್ಟಿದ್ದರೂ ಮಾರ್ಸೇ ಉಳಿಯುತ್ತಿತ್ತು ಅಂತ ಹೇಳಲಾಗದು. ಮನುಷ್ಯನ ಮೈಯಲ್ಲಿ ಪ್ಲೇಗ್ ಅಷ್ಟು ದಿನ ಅಡಗಿ ಕೂರುವುದಿಲ್ಲ. ಸೋಂಕು ತಗುಲಿ ಹೆಚ್ಚೂಕಡಿಮೆ ಒಂದು ವಾರದೊಳಗೆ ಜ್ವರ ಬಂದೇ ಬರುತ್ತದೆ. ಆ ಲೆಕ್ಕದಲ್ಲಿ ಇಪ್ಪತ್ತು ದಿನವೇ ಧಾರಾಳ. ಅಪಾಯ ಇದ್ದದ್ದು ಬಟ್ಟೆಯಲ್ಲಿ. ರೋಗಾಣುವನ್ನು ಆಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಕಂಡದ್ದು 1894ರಲ್ಲಿ. ಅದನ್ನು ಇಲಿಯಿಂದ ಇಲಿಗೆ ಸಾಗಿಸುವುದು ಚಿಗಟ ಅಂತ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ತಂಪು, ತೇವ ಇದ್ದರೆ ಚಿಗಟ ರಕ್ತ ಇಲ್ಲದೆಯೂ ಬಹಳ ದಿನ ಬದುಕಬಲ್ಲದು. ಹಡಗಿನ ಅಡಿಯಲ್ಲಿ ಇಲಿಗಳಿದ್ದರಂತೂ ಕಾಯಿಲೆ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಹರಡುತ್ತಲೇ ಇರುತ್ತದೆ, ಮೂವತ್ತೆಂಟನೆಯ ದಿನವೂ ಹೊಸದಾಗಿ ಒಬ್ಬನಿಗೆ ತಗುಲಬಹುದು. ಅಂದರೆ ಎಣಿಸಬೇಕಾದದ್ದು ಒಬ್ಬ ಮನುಷ್ಯನ ದಿನಗಳನ್ನಲ್ಲ, ಇಲಿ, ಚಿಗಟ, ಬಟ್ಟೆ, ಮನುಷ್ಯ ಅನ್ನುವ ಇಡೀ ಸರಪಳಿಯ ದಿನಗಳನ್ನು. ನಲವತ್ತು ಅನ್ನುವ ಅಂಕಿ ಮನುಷ್ಯನಿಗೆ ಜಾಸ್ತಿಯಾಯಿತು, ಸರಪಳಿಗೆ ಕೆಲವೊಮ್ಮೆ ಸಾಲದೇ ಹೋಯಿತು. ಕಾರಣ ಗೊತ್ತಿಲ್ಲದೆ ಇಟ್ಟ ಅಂಕಿಯೇ ಆದರೂ, ಬಹಳ ಸಲ ಅದು ಕೆಲಸ ಮಾಡಿದ್ದು ಈ ಎರಡರ ನಡುವೆ ಎಲ್ಲೋ ಬಿದ್ದಿದ್ದರಿಂದ.

ಕರ್ನಾಟಕಕ್ಕೆ ಪ್ಲೇಗ್ ಬಂದದ್ದು ಇದೇ ಸಿಮೊಂಡ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ. 1896ರಲ್ಲಿ ಮುಂಬೈಗೆ ಬಂದ ಕಾಯಿಲೆ 1898ರ ಹೊತ್ತಿಗೆ ಹುಬ್ಬಳ್ಳಿ, ಬೆಂಗಳೂರು ಮುಟ್ಟಿತ್ತು. ಸರ್ಕಾರ ರೈಲಿನವರನ್ನು ತಪಾಸಣೆ ಮಾಡಿತು, ಶಂಕೆ ಬಂದವರನ್ನು ಶಿಬಿರಕ್ಕೆ ಸಾಗಿಸಿತು. ಜನ ಅದಕ್ಕೆ ಹೆದರಿ ಕಾಯಿಲೆ ಮುಚ್ಚಿಟ್ಟರು. ಆದರೆ ನಮ್ಮ ಊರುಗಳು ಅದರ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿದವು. ಮನೆಯಲ್ಲಿ ಇಲಿ ಸತ್ತು ಬೀಳತೊಡಗಿತು ಅಂದರೆ ಗಂಟುಮೂಟೆ ಕಟ್ಟಿಕೊಂಡು ಊರು ಖಾಲಿ ಮಾಡುವುದು. ಹೊಲದಲ್ಲಿ, ತೋಪಿನಲ್ಲಿ ಗರಿ ಗುಡಿಸಲು ಹಾಕಿಕೊಂಡು ಇರುವುದು. ಹಿರಿಯರ ಬಾಯಲ್ಲಿ ಪ್ಲೇಗಿನ ಕಥೆ ಕೇಳಿದವರಿಗೆ ಈ ಗುಡಿಸಲು ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. ಕ್ವಾರಂಟೈನ್ ಬಂದವರನ್ನು ಊರಿಂದ ದೂರ ಇಡುತ್ತದೆ. ಇಲ್ಲಿ ಊರೇ ಇಲಿಯಿಂದ ದೂರ ಹೋಯಿತು. ಇದಕ್ಕೆ ದಿನದ ಲೆಕ್ಕ ಇರಲಿಲ್ಲ, ಕಾಯಿಲೆ ಅಡಗುವವರೆಗೆ ಅಷ್ಟೆ. ಚಿಗಟದ ವಿಷಯ ಗೊತ್ತಾದ ಮೇಲೆ ನೋಡಿದರೆ, ಪ್ಲೇಗಿನ ಮಟ್ಟಿಗೆ ಗುಡಿಸಲೇ ಹೆಚ್ಚು ಸರಿಯಾದ ಉಪಾಯ ಅಂತ ನನ್ನ ಅಭಿಪ್ರಾಯ.

ಕಾಯಿಲೆ ಕಾಯಿಲೆಗೂ ಅಡಗಿರುವ ಕಾಲ ಬೇರೆ ಅಂತ ಅಳತೆ ಸಿಕ್ಕಿದ ಮೇಲೆ ಒಂದೇ ಅಂಕಿಗೆ ಅರ್ಥ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿ ಪ್ಲೇಗ್‌ಗೆ 6 ದಿನ, ಕಾಲರಾಗೆ 5, ಹಳದಿ ಜ್ವರಕ್ಕೆ 6, ಸಿಡುಬಿಗೆ 14 ಅಂತ ಬಂತು. ನಲವತ್ತು ದಿನ ಕಾಯಿಸಿದ ಕಾಯಿಲೆಗೇ ಆರು! ಚಂದ್ರನ ಮೇಲೆ ಇಳಿದು ಬಂದವರನ್ನು 1969ರಲ್ಲಿ 21 ದಿನ ಇಟ್ಟರು. ಅಲ್ಲಿ ಕಾಯಿಲೆ ಇದೆಯೋ ಇಲ್ಲವೋ ಅಂತಲೇ ಗೊತ್ತಿರಲಿಲ್ಲ. ರಗೂಸಾದವರ ಹಾಗೆ ಅಮೆರಿಕದವರೂ ಒಂದು ಅಂಕಿ ಒಪ್ಪಿಕೊಂಡರು.

2020ರ 14 ದಿನ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇದೆ. ಆ ವರ್ಷದ ಆರಂಭದಲ್ಲಿ ಯಾರಿಗೆ ಯಾವಾಗ ಸೋಂಕು ತಗುಲಿರಬಹುದು, ಯಾವಾಗ ಲಕ್ಷಣ ಕಾಣಿಸಿತು ಅನ್ನುವುದು ಗೊತ್ತಿದ್ದ ರೋಗಿಗಳನ್ನು ಇಟ್ಟುಕೊಂಡು ಸಂಶೋಧಕರು ಲೆಕ್ಕ ಹಾಕಿದರು. ಅರ್ಧದಷ್ಟು ಜನರಿಗೆ ಸುಮಾರು 5 ದಿನದೊಳಗೆ, ನೂರರಲ್ಲಿ ತೊಂಬತ್ತೇಳು ಜನಕ್ಕೆ 11-12 ದಿನದೊಳಗೆ ಲಕ್ಷಣ ಕಾಣಿಸುತ್ತದೆ. 14 ದಿನ ಇಟ್ಟರೂ ಅಂಥ ಹತ್ತು ಸಾವಿರ ಸೋಂಕಿತರಲ್ಲಿ ಸುಮಾರು ನೂರು ಜನ ಹೊರಗೆ ಬಂದ ಮೇಲೆ ಕಾಯಿಲೆ ಬೀಳಬಹುದು. ಆ ನೂರನ್ನೂ ಹಿಡಿಯಬೇಕೆಂದರೆ ಉಳಿದವರನ್ನೆಲ್ಲ ಇನ್ನೂ ಹೆಚ್ಚು ದಿನ ಕೂಡಿ ಹಾಕಬೇಕು. ಎಲ್ಲಿ ನಿಲ್ಲಿಸುವುದು ಅನ್ನುವುದು ವಿಜ್ಞಾನ ಒಂದೇ ಹೇಳುವ ಮಾತಲ್ಲ. ನಷ್ಟ ಎಷ್ಟು ತಡೆದುಕೊಳ್ಳುತ್ತೇವೆ, ಜನ ಎಷ್ಟು ಪಾಲಿಸುತ್ತಾರೆ ಅನ್ನುವುದೂ ಸೇರುತ್ತದೆ. ಅದಕ್ಕೇ ಆ ವರ್ಷ ಅಂಕಿ ಓಡಾಡುತ್ತಲೇ ಇತ್ತು. ವಿದೇಶದಿಂದ ಬಂದವರ ಕೈ ಮೇಲೆ ಬೆಂಗಳೂರಿನಲ್ಲಿ ಕೊನೆಯ ತಾರೀಖು ಬರೆದು ಮುದ್ರೆ ಒತ್ತಿದರು. ಮುಂದೆ ಮಹಾರಾಷ್ಟ್ರದಿಂದ ಬಂದವರಿಗೆ ಏಳು ದಿನ ಸರ್ಕಾರಿ ವ್ಯವಸ್ಥೆಯಲ್ಲಿ, ಇನ್ನು ಏಳು ದಿನ ಮನೆಯಲ್ಲಿ ಅಂತ ಆಯಿತು. ವರ್ಷದ ಕೊನೆಗೆ ಅಮೆರಿಕ ಹತ್ತು ದಿನ, ಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಬಂದರೆ ಏಳು ಅಂದಿತು.

ಎಣಿಕೆ ಯಾವತ್ತಿಂದ ಅನ್ನುವ ಹಳೆಯ ಜಗಳ ಆಗಲೂ ಮುಗಿಯಲಿಲ್ಲ. ಮನೆಯೊಳಗೆ ಒಬ್ಬರಿಗೆ ಕೋವಿಡ್ ಬಂದು, ಅವರನ್ನು ಬೇರೆ ಕೋಣೆಯಲ್ಲಿ ಇಡಲು ಜಾಗ ಇಲ್ಲದಿದ್ದರೆ ಉಳಿದವರ ಮೊದಲ ದಿನ ಯಾವುದು? ರೋಗಿಯ ಜೊತೆ ಕೊನೆಯ ಸಲ ಬೆರೆತ ದಿನ ಅನ್ನುತ್ತಿತ್ತು ನಿಯಮ. ಒಂದೇ ಕೋಣೆ, ಒಂದೇ ಬಚ್ಚಲು ಇರುವ ಮನೆಯಲ್ಲಿ ಅಂಥ ಕೊನೆಯ ದಿನ ರೋಗಿ ಗುಣವಾದ ಮೇಲೇ ಬರುವುದು. ದೊಡ್ಡ ಮನೆಯವರಿಗೆ 14 ದಿನವಾದದ್ದು ಚಿಕ್ಕ ಮನೆಯವರಿಗೆ ಮೂರು ವಾರ ದಾಟುತ್ತಿತ್ತು, ಕೂಲಿಯೂ ಅಷ್ಟು ದಿನ ಹೋಗುತ್ತಿತ್ತು.